ಬೆಳಿಗ್ಗೆ ಒಂಬತ್ತರ ಕ್ಯೂ: ಲಿಫ್ಟ್ ಸಾಲದೋ, ಬಾಗಿಲು ನಿಧಾನವೋ?

ಮೈಸೂರಿನ ಹೆಬ್ಬಾಳದ ಕಡೆ ರಿಂಗ್ ರೋಡಿನ ಪಕ್ಕ ಒಂದು ಆಫೀಸ್ ಕಟ್ಟಡ. ನೆಲಮಹಡಿ, ಅದರ ಮೇಲೆ ಹತ್ತು ಮಹಡಿ. ನಾಲ್ಕು ಲಿಫ್ಟ್, ಒಂದೊಂದೂ 13 ಜನರದ್ದು, 884 ಕೆಜಿ. ದಸರಾ ರಜೆ ಮುಗಿದು ಎರಡು ವಾರ ಕಳೆದಿತ್ತು. ಕಟ್ಟಡ ನೋಡಿಕೊಳ್ಳುವ ಮ್ಯಾನೇಜರ್ ಫೋನ್ ಮಾಡಿದರು. "ಸಾರ್, ಬೆಳಿಗ್ಗೆ ಒಂಬತ್ತಕ್ಕೆ ಲಾಬಿ ನೋಡಿದ್ರೆ ಜಂಬೂ ಸವಾರಿಗೆ ಜನ ನಿಂತ ಹಾಗಿರುತ್ತೆ. ಐದನೇ ಲಿಫ್ಟ್ ಹಾಕಿಸೋಣ ಅಂತ ಓನರ್ ಹೇಳ್ತಿದ್ದಾರೆ. ಎಷ್ಟಾಗುತ್ತೆ ಹೇಳಿ."

ನಾನು ಎಷ್ಟಾಗುತ್ತೆ ಅಂತ ಹೇಳಲಿಲ್ಲ. ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಬರ್ತೀನಿ, ಇಬ್ಬರು ಹುಡುಗರನ್ನು ಕೊಡಿ ಅಂದೆ. ಅಲ್ಲಿ ನೋಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಟ್ಟಡದಲ್ಲೂ ಇದೇ ದೂರು ಇದ್ದರೆ ಈ ದಾರಿಯಲ್ಲೇ ಹೋಗಬಹುದು.

ಮೊದಲು ಎಣಿಸಬೇಕಾದ್ದು ಬಂದವರನ್ನು, ಹತ್ತಿದವರನ್ನಲ್ಲ

ಎಲ್ಲರೂ ಮಾಡುವ ತಪ್ಪು ಒಂದಿದೆ. ಲಿಫ್ಟ್ ಬಾಗಿಲ ಹತ್ತಿರ ನಿಂತು, ಐದು ನಿಮಿಷಕ್ಕೆ ಎಷ್ಟು ಜನ ಹತ್ತಿದರು ಅಂತ ಎಣಿಸುತ್ತಾರೆ. 68 ಜನ ಹತ್ತಿದರು ಅಂದರೆ "ಇಲ್ಲಿನ ಬೇಡಿಕೆ 68" ಅಂತ ಬರೆದುಕೊಳ್ಳುತ್ತಾರೆ. ಅದು ಬೇಡಿಕೆಯಲ್ಲ. ಕ್ಯೂ ನಿಂತಿದೆ ಅಂದ ಮೇಲೆ ಹತ್ತುವವರ ಸಂಖ್ಯೆಯನ್ನು ಲಿಫ್ಟೇ ತೀರ್ಮಾನ ಮಾಡುತ್ತದೆ. ಹಾಗಾಗಿ ಆ 68 ಲಿಫ್ಟ್‌ನ ಕೈಲಾದದ್ದು, ಅಷ್ಟೆ. ಬೇಡಿಕೆ ಗೊತ್ತಾಗಬೇಕಾದರೆ ಕ್ಯೂನ ಬಾಲಕ್ಕೆ ಎಷ್ಟು ಜನ ಬಂದು ಸೇರುತ್ತಾರೆ ಅಂತ ನೋಡಬೇಕು.

ಅದಕ್ಕೆ ಒಬ್ಬ ಹುಡುಗನನ್ನು ಸೆಕ್ಯುರಿಟಿ ಗೇಟಿನ ಒಳಗೆ ನಿಲ್ಲಿಸಿದೆ. ಲಿಫ್ಟ್ ಕಡೆ ತಿರುಗಿದವರನ್ನು ಮಾತ್ರ ಅವನು ಎಣಿಸಬೇಕು. ಮೆಟ್ಟಿಲು ಹಿಡಿದವರು ಲೆಕ್ಕಕ್ಕಿಲ್ಲ. ಇನ್ನೊಬ್ಬ ಲಿಫ್ಟ್ ಬಾಗಿಲ ಎದುರು ನಿಂತು ಹತ್ತಿದವರನ್ನು ಎಣಿಸಬೇಕು. ಇಬ್ಬರೂ ಐದೈದು ನಿಮಿಷಕ್ಕೆ ಒಂದು ಸಾಲು ಬರೆಯಬೇಕು. 8:50ರಿಂದ 9:20ರವರೆಗೆ ಗೇಟಿನ ಹುಡುಗ ಬರೆದದ್ದು ಹೀಗಿತ್ತು: 41, 68, 97, 104, 72, 38. ಬಾಗಿಲ ಹತ್ತಿರದ ಹುಡುಗನ ಕಾಗದದಲ್ಲಿ ಮೊದಲ ಸಾಲು ಬಿಟ್ಟರೆ ಎಲ್ಲ ಕಡೆ 66ರಿಂದ 70.

ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟರೆ ಕಥೆ ಅಲ್ಲೇ ಕಾಣುತ್ತದೆ. 9 ಗಂಟೆಯಿಂದ 9:05ರೊಳಗೆ 97 ಜನ ಬಂದರು, 68 ಜನ ಹೋದರು, 29 ಜನ ಉಳಿದರು. ಮುಂದಿನ ಐದು ನಿಮಿಷಕ್ಕೆ 104 ಜನ ಬಂದರು. ಉಳಿದವರು 65 ಆದರು. ಆಮೇಲೆ 72 ಬಂದಾಗ 69. ಆ ಹೊತ್ತಿಗೆ ಕ್ಯೂನ ಕೊನೆಗೆ ನಿಂತವನು ತನ್ನ ಮುಂದಿನ 69 ಜನ ಹೋಗುವವರೆಗೆ ಸರಿಸುಮಾರು ಐದು ನಿಮಿಷ ಕಾಯಬೇಕು. 9:20ಕ್ಕೂ ಇನ್ನೂ 39 ಜನ ಲಾಬಿಯಲ್ಲೇ ಇದ್ದರು.

ಇಂಟರ್ವಲ್ ಚೆನ್ನಾಗಿದೆ ಅನ್ನುವ ಮೋಸ

ಈ ಕಟ್ಟಡದ ಲಿಫ್ಟ್‌ಗಳ ವಾರ್ಷಿಕ ನಿರ್ವಹಣೆ ನೋಡಿಕೊಳ್ಳುವ ಎಎಂಸಿ ಹುಡುಗರು ತಾವೂ ಒಂದು ರಿಪೋರ್ಟ್ ಕೊಟ್ಟಿದ್ದರು. "ಇಂಟರ್ವಲ್ 40 ಸೆಕೆಂಡ್ ಇದೆ, ಪರವಾಗಿಲ್ಲ" ಅಂತ ಅದರಲ್ಲಿತ್ತು. ಸುಳ್ಳೇನಲ್ಲ. ನೆಲಮಹಡಿಯಿಂದ ಒಂದು ಲಿಫ್ಟ್ ಹೊರಟು ಮುಂದಿನ ಲಿಫ್ಟ್ ಹೊರಡುವವರೆಗಿನ ಸರಾಸರಿ ಸಮಯವೇ ಇಂಟರ್ವಲ್. ನಾನು ಸ್ಟಾಪ್‌ವಾಚ್ ಹಿಡಿದು ನೋಡಿದಾಗಲೂ 40 ಸೆಕೆಂಡೇ ಬಂತು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪಟ್ಟಿಯಲ್ಲಿ 30ರಿಂದ 35 ಸೆಕೆಂಡ್ ಒಳ್ಳೆಯದು, 40ರವರೆಗೆ ಸುಮಾರು, 45 ಕಳಪೆ. ಈ ಲೆಕ್ಕದಲ್ಲಿ ಇದು ಪಾಸ್.

ಆದರೆ ಇಂಟರ್ವಲ್ ಅಂದರೆ ಕಾಯುವ ಸಮಯ ಅಲ್ಲ. ಮೆಜೆಸ್ಟಿಕ್‌ನಿಂದ ಹತ್ತು ನಿಮಿಷಕ್ಕೊಂದು ಬಸ್ ಇದೆ ಅಂದುಕೊಳ್ಳಿ. ಪ್ರತಿ ಬಸ್ಸೂ ತುಂಬಿಯೇ ಹೊರಟರೆ ನೀವು ಮೂರು ಬಸ್ ಬಿಟ್ಟು ನಾಲ್ಕನೆಯದಕ್ಕೆ ಹತ್ತುತ್ತೀರಿ. ಹಾಗೇ ಇಲ್ಲಿ. ಲಿಫ್ಟ್‌ನ ಕಾರು, ಅಂದರೆ ಜನ ನಿಲ್ಲುವ ಪೆಟ್ಟಿಗೆ, ಶೇ. 80ರಷ್ಟು ತುಂಬುವವರೆಗೆ ಮಾತ್ರ ಸರಾಸರಿ ಕಾಯುವಿಕೆ ಇಂಟರ್ವಲ್‌ಗಿಂತ ಒಂಚೂರು ಕಡಿಮೆ ಇರುತ್ತದೆ, ಹೆಚ್ಚುಕಡಿಮೆ ಅದರ ಶೇ. 85. ಬೇಡಿಕೆ ಸಾಮರ್ಥ್ಯ ದಾಟಿತೋ, ಇಂಟರ್ವಲ್ ಅಲ್ಲೇ ನಿಂತಿರುತ್ತದೆ, ಕ್ಯೂ ಮಾತ್ರ ಬೆಳೆಯುತ್ತಾ ಹೋಗುತ್ತದೆ. ಇಲ್ಲಿ ಆಗಿದ್ದು ಅದೇ. ಇಂಟರ್ವಲ್ 40 ಸೆಕೆಂಡ್, ಕಾಯುವುದು ಐದು ನಿಮಿಷ.

ಆದ್ದರಿಂದ ಕ್ಯೂ ದೂರು ಬಂದಾಗ ಮೊದಲು ನೋಡಬೇಕಾದ್ದು ಐದು ನಿಮಿಷದ ಸಾಮರ್ಥ್ಯ. ಐದು ನಿಮಿಷದಲ್ಲಿ ಎಲ್ಲಾ ಲಿಫ್ಟ್ ಸೇರಿ ಎಷ್ಟು ಜನರನ್ನು ಮೇಲಕ್ಕೆ ಒಯ್ಯುತ್ತವೆ ಅನ್ನುವುದು. ಅದನ್ನು ಕಟ್ಟಡದ ಒಟ್ಟು ಜನರ ಶೇಕಡಾವಾರು ಹೇಳುವುದು ರೂಢಿ. ಬೇರೆ ಬೇರೆ ಕಂಪನಿಗಳು ಬಾಡಿಗೆಗಿರುವ ಆಫೀಸ್ ಕಟ್ಟಡಕ್ಕೆ ಸಂಹಿತೆ ಶೇ. 10ರಿಂದ 15 ಕೇಳುತ್ತದೆ. ಒಂದೇ ಕಂಪನಿ ಇರುವ ಕಟ್ಟಡಕ್ಕೆ ಶೇ. 15ರಿಂದ 25. ಒಂದೇ ಕಂಪನಿ ಅಂದರೆ ಎಲ್ಲರೂ ಒಂದೇ ಹೊತ್ತಿಗೆ ಪಂಚ್ ಮಾಡಬೇಕಲ್ಲ, ಅದಕ್ಕೆ. ಈ ಕಟ್ಟಡದಲ್ಲಿ ಆರು ಕಂಪನಿ, ಮೇಲಿನ ಹತ್ತು ಮಹಡಿಯಲ್ಲಿ 720 ಜನ. 68 ಅಂದರೆ ಶೇ. 9.4. ಫೇಲ್.

ಕಾಗದದ ಮೇಲೆ ಎಷ್ಟಿರಬೇಕಿತ್ತು?

ಹಳೇ ಡಿಸೈನ್ ಹಾಳೆ ತರಿಸಿದೆ. ಸಾಮಾನ್ಯವಾಗಿ ಇಂಥ ಹಾಳೆ ಯಾರ ಹತ್ತಿರವೂ ಇರುವುದಿಲ್ಲ, ಇಲ್ಲಿ ಪುಣ್ಯಕ್ಕೆ ಇತ್ತು. ಇಲ್ಲದಿದ್ದರೂ ಚಿಂತೆಯಿಲ್ಲ, ಅರ್ಧ ಗಂಟೆಯಲ್ಲಿ ನೀವೇ ಮಾಡಿಕೊಳ್ಳಬಹುದು. ಬೆಳಗಿನ ಮೇಲ್ಮುಖ ದಟ್ಟಣೆಗೆ ಬಳಸುವ ಸೂತ್ರ ಇದು:

```
RTT = 2·H·tv + (S+1)·ts + 2·P·tp
S   = N·(1 − (1 − 1/N)^P)
H   = N − Σ (i/N)^P,  i = 1 … N−1
INT = RTT / L
HC  = 300·P / INT
```

RTT ಅಂದರೆ ಒಂದು ಲಿಫ್ಟ್ ನೆಲದಿಂದ ಹೊರಟು, ಎಲ್ಲರನ್ನೂ ಇಳಿಸಿ, ಮತ್ತೆ ನೆಲಕ್ಕೆ ಬಂದು ಬಾಗಿಲು ತೆರೆಯುವ ಒಂದು ಸುತ್ತಿನ ಸಮಯ. ಅದರಲ್ಲಿ ಮೂರು ತುಂಡಿದೆ. ಮೊದಲನೆಯದು ಓಟ: ಸರಾಸರಿ ಎಷ್ಟನೇ ಮಹಡಿಯವರೆಗೆ ಹೋಗುತ್ತದೆ ಅನ್ನುವ H, ಪೂರ್ತಿ ವೇಗದಲ್ಲಿ ಒಂದು ಮಹಡಿ ದಾಟಲು ಬೇಕಾದ tv. ಎರಡನೆಯದು ನಿಲುಗಡೆ: ಸರಾಸರಿ ಎಷ್ಟು ಕಡೆ ನಿಲ್ಲುತ್ತದೆ ಅನ್ನುವ S, ಒಂದೊಂದು ಸಲ ನಿಂತಾಗ ಹಾಳಾಗುವ ಸಮಯ ts. ಮೂರನೆಯದು ಜನ ಹತ್ತಿ ಇಳಿಯುವ ಸಮಯ: P ಜನ, ಒಬ್ಬೊಬ್ಬರಿಗೆ tp ಸೆಕೆಂಡ್. N ಮೇಲಿನ ಮಹಡಿಗಳ ಸಂಖ್ಯೆ, L ಲಿಫ್ಟ್‌ಗಳ ಸಂಖ್ಯೆ, INT ಇಂಟರ್ವಲ್, HC ಐದು ನಿಮಿಷದ ಸಾಮರ್ಥ್ಯ.

ಡಿಸೈನರ್ P ಅನ್ನು 13ರ ಶೇ. 80, ಅಂದರೆ 10.4 ಅಂತ ಹಿಡಿದಿದ್ದರು. ವೇಗ ಸೆಕೆಂಡಿಗೆ 1.5 ಮೀಟರ್, ಮಹಡಿ ಎತ್ತರ 3.6 ಮೀಟರ್. ಹಾಗಾಗಿ tv 2.4 ಸೆಕೆಂಡ್. ನಿಲುಗಡೆಗೆ 8.3 ಸೆಕೆಂಡ್, ಒಬ್ಬರು ಹತ್ತಲು ಅಥವಾ ಇಳಿಯಲು 1.2 ಸೆಕೆಂಡ್. ಸುತ್ತಿಗೆ 134 ಸೆಕೆಂಡ್ ಬಂತು. ನಾಲ್ಕು ಲಿಫ್ಟ್‌ಗೆ ಹಂಚಿದರೆ ಇಂಟರ್ವಲ್ ಸುಮಾರು 34. ಐದು ನಿಮಿಷಕ್ಕೆ 93 ಜನ, ಶೇ. 12.9. ತಪ್ಪು ಹುಡುಕುವ ಹಾಗಿಲ್ಲ. ಮೂರೇ ಲಿಫ್ಟ್ ಹಾಕಿದ್ದರೆ ಇಂಟರ್ವಲ್ 45ಕ್ಕೆ ಹೋಗುತ್ತಿತ್ತು, ಆದ್ದರಿಂದ ನಾಲ್ಕು ಅಂತ ತೀರ್ಮಾನಿಸಿದ್ದೂ ಸರಿ.

ಹಾಗಿದ್ದರೆ 93 ಆಗಬೇಕಿದ್ದದ್ದು 68 ಯಾಕಾಯಿತು?

ಸುತ್ತನ್ನು ಬಿಡಿಸಿ ನೋಡುವುದು

ಮೊದಲು ಕಾರಿನೊಳಗೆ ನಿಜವಾಗಿ ಎಷ್ಟು ಜನ ಹತ್ತುತ್ತಾರೆ ಅಂತ ನೋಡಿದೆ. ಮೂವತ್ತು ಟ್ರಿಪ್‌ನ ಸರಾಸರಿ 9. ಹತ್ತೂವರೆ ಅಲ್ಲ. ಕಾರಿನ ಮೇಲೆ 13 ಜನ ಅಂತ ಬರೆದಿರುವುದು ಒಬ್ಬರಿಗೆ 68 ಕೆಜಿ ಹಿಡಿದು. ಈಗ ಬರುವವರಲ್ಲಿ ಮುಕ್ಕಾಲು ಪಾಲು ಜನರ ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ. ತೂಕದ ಮಿತಿ ಬರುವ ಮೊದಲೇ ಜಾಗ ಮುಗಿಯುತ್ತದೆ. ಹತ್ತನೆಯವನು ಒಳಗೆ ಒಮ್ಮೆ ನೋಡಿ "ಮುಂದಿನದಕ್ಕೆ ಬರ್ತೀನಿ" ಅಂತ ಹಿಂದೆ ಸರಿಯುತ್ತಾನೆ. ಮೈಸೂರಿನ ಜನ ಇದರಲ್ಲಿ ಸ್ವಲ್ಪ ಸಂಕೋಚದವರೇ, ಬೆಂಗಳೂರಲ್ಲಾದರೆ ಇನ್ನೂ ಒಬ್ಬ ತೂರಿಕೊಳ್ಳುತ್ತಿದ್ದ.

P 9 ಅಂತ ಹಾಕಿ ಮತ್ತೆ ಲೆಕ್ಕ ಮಾಡಿದೆ. ಜನ ಕಡಿಮೆಯಾದರೆ ನಿಲುಗಡೆಯೂ ಕಡಿಮೆ. S 6.7ರಿಂದ 6.1ಕ್ಕೆ ಇಳಿಯುತ್ತದೆ. ಸುತ್ತು 126 ಸೆಕೆಂಡ್, ಇಂಟರ್ವಲ್ 31.5. ಇಲ್ಲಿ ಒಂದು ತಮಾಷೆ ಗಮನಿಸಿ: ಇಂಟರ್ವಲ್ 34ರಿಂದ 31.5ಕ್ಕೆ ಇಳಿದು ಚೆನ್ನಾಗಿ ಕಾಣುತ್ತದೆ, ಆದರೆ ಸಾಮರ್ಥ್ಯ 93ರಿಂದ 86ಕ್ಕೆ ಕುಸಿಯುತ್ತದೆ. ಬರೀ ಇಂಟರ್ವಲ್ ನೋಡುವವರು ಇಂಥ ಕಡೆಯೇ ಎಡವುವುದು.

ಬ್ಯಾಗಿನಿಂದ 7 ಜನ ಹೋದರು. ಇನ್ನೂ 18 ಜನರ ಲೆಕ್ಕ ಸಿಗಬೇಕು.

ಈಗ ಸ್ಟಾಪ್‌ವಾಚ್. ನೆಲಮಹಡಿಯಲ್ಲಿ ಒಂದೇ ಲಿಫ್ಟ್ ಮೇಲೆ ಕಣ್ಣಿಟ್ಟು, ಬಾಗಿಲು ತೆರೆಯಲು ಶುರುವಾದ ಕ್ಷಣದಿಂದ ಮತ್ತೆ ಅದೇ ಬಾಗಿಲು ತೆರೆಯಲು ಶುರುವಾಗುವವರೆಗೆ ಅಳೆಯಬೇಕು. ಒಂದೊಂದು ಲಿಫ್ಟ್‌ಗೆ ಕಡಿಮೆ ಅಂದರೂ ಹತ್ತು ಸುತ್ತು. ದಟ್ಟಣೆ ಇರುವಾಗಲೇ ಅಳೆಯಬೇಕು, ಹನ್ನೊಂದು ಗಂಟೆಗೆ ಅಳೆದರೆ ಪ್ರಯೋಜನವಿಲ್ಲ. ನಾಲ್ಕನ್ನೂ ಸೇರಿಸಿ ಸರಾಸರಿ ತೆಗೆಯಬೇಡಿ, ಬೇರೆ ಬೇರೆಯಾಗಿಯೇ ಬರೆಯಿರಿ. ಇದನ್ನು ಎರಡು ಸಲ ಹೇಳುತ್ತೇನೆ, ಯಾಕಂದರೆ ಇಲ್ಲಿನ ಅರ್ಧ ಉತ್ತರ ಇದರಲ್ಲೇ ಇತ್ತು. 1, 2, 3ನೇ ಲಿಫ್ಟ್‌ಗಳಿಗೆ ಸುಮಾರು 147 ಸೆಕೆಂಡ್. ನಾಲ್ಕನೆಯದಕ್ಕೆ 212. ಸರಾಸರಿ ಹಾಕಿದ್ದರೆ ನಾಲ್ಕೂ ಒಂಚೂರು ನಿಧಾನ ಅಂತ ಕಾಣುತ್ತಿತ್ತು, ನಾಲ್ಕನೆಯದರ ರೋಗ ಬೇರೆಯೇ ಅಂತ ಗೊತ್ತಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಒಬ್ಬ ಹುಡುಗನನ್ನು ಕಾರಿನೊಳಗೆ ಮೂಲೆಯಲ್ಲಿ ನಿಲ್ಲಿಸಿದೆ. ಅವನ ಫೋನಿನಲ್ಲಿ ಲ್ಯಾಪ್ ಬಟನ್ ಇರುವ ಸ್ಟಾಪ್‌ವಾಚ್. ಎಷ್ಟು ಕಡೆ ನಿಂತಿತು, ಒಂದು ಮಹಡಿ ಓಡಲು ಎಷ್ಟು ಹಿಡಿಯಿತು, ಬಾಗಿಲು ತೆರೆಯಲು ಎಷ್ಟು, ಕೊನೆಯವನು ಇಳಿದ ಮೇಲೆ ಬಾಗಿಲು ಸುಮ್ನೆ ತೆರೆದಿದ್ದದ್ದು ಎಷ್ಟು, ಮುಚ್ಚಲು ಎಷ್ಟು ಅಂತ ಅವನು ಬರೆಯಬೇಕು.

ಎರಡನೇ ಲಿಫ್ಟ್‌ನಲ್ಲಿ ಸರಾಸರಿ 6 ನಿಲುಗಡೆ. ಲೆಕ್ಕ 6.1 ಹೇಳಿತ್ತು, ಸರಿಹೊಂದಿತು. ನಿಂತಲ್ಲಿಂದ ಹೊರಟು ಮತ್ತೆ ನಿಲ್ಲುವವರೆಗೆ ಒಂದು ಮಹಡಿ ಓಟ 5.2 ಸೆಕೆಂಡ್, ಡಿಸೈನ್ ಹಾಳೆಯಲ್ಲೂ ಅಷ್ಟೇ. ಅಂದರೆ ಮೋಟಾರ್ ಆರೋಗ್ಯವಾಗಿದೆ. ಬಾಗಿಲು ತೆರೆಯಲು 2, ಮುಚ್ಚಲು 3, ಅದೂ ಸರಿ. ಆದರೆ ಕೊನೆಯವನು ಇಳಿದ ಮೇಲೂ ಬಾಗಿಲು ತೆರೆದೇ ಇರುತ್ತಿತ್ತು. ಪ್ರತಿ ನಿಲುಗಡೆಗೂ 3 ಸೆಕೆಂಡ್ ಹೆಚ್ಚು.

ಮೂರು ಸೆಕೆಂಡ್ ತಾನೇ, ಅದರಲ್ಲೇನು ಅನ್ನಿಸುತ್ತದೆ. ಸೂತ್ರದಲ್ಲಿ ಅದು ಎಲ್ಲಿ ಕೂತಿದೆ ನೋಡಿ: ts ಜೊತೆಗೆ, ಆ ts ಅನ್ನು S+1ರಿಂದ ಗುಣಿಸಬೇಕು. ಆರು ಮಹಡಿ, ಜೊತೆಗೆ ನೆಲಮಹಡಿ, ಏಳು ಸಲ. 21 ಸೆಕೆಂಡ್. 126 ಇದ್ದದ್ದು 147 ಆಗಿದ್ದು ಹೀಗೆ, ನಯಾಪೈಸೆ ವ್ಯತ್ಯಾಸವಿಲ್ಲದೆ.

ಮೂರು ಸೆಕೆಂಡ್ ಎಲ್ಲಿಂದ ಬಂತು

ಎಎಂಸಿ ಮೆಕ್ಯಾನಿಕ್ಕನ್ನು ಕರೆಸಿ ಕಂಟ್ರೋಲರ್‌ನ ಡೋರ್ ಟೈಮ್ ತೋರಿಸು ಅಂದೆ. ಬಾಗಿಲು ತೆರೆದು ನಿಲ್ಲುವ ಸಮಯ ನಾಲ್ಕೂ ಲಿಫ್ಟ್‌ನಲ್ಲಿ 5 ಸೆಕೆಂಡ್ ಇತ್ತು. ಮೊದಲು 2 ಇತ್ತಂತೆ. "ಯಾರು ಬದಲಾಯಿಸಿದ್ದು?" ಅಂದೆ. ಆಗಸ್ಟ್‌ನಲ್ಲಿ ಅಂಗವಿಕಲರ ಸೌಲಭ್ಯ ನೋಡಲು ಒಂದು ತಪಾಸಣೆ ಆಗಿತ್ತಂತೆ. ಬಾಗಿಲು ಕನಿಷ್ಠ 5 ಸೆಕೆಂಡ್ ತೆರೆದಿರಬೇಕು ಅಂತ ಬರೆದು ಹೋಗಿದ್ದರು. ಆ ನಿಯಮ ನಿಜವೇ, ಅದರಲ್ಲಿ ತಪ್ಪಿಲ್ಲ. ಗಾಲಿಕುರ್ಚಿಯಲ್ಲಿ ಬರುವವರಿಗೆ 2 ಸೆಕೆಂಡ್ ಸಾಲುವುದಿಲ್ಲ. ಆದರೆ ಆ ಕಟ್ಟಡದಲ್ಲಿ ಅದಕ್ಕಂತಲೇ ಗುರುತು ಹಾಕಿ, ಬ್ರೈಲ್ ಬಟನ್ ಇರುವ ಲಿಫ್ಟ್ ಒಂದಿದೆ, ಮೂರನೆಯದು. ಅದೊಂದಕ್ಕೆ ಮಾಡಬೇಕಾದ್ದನ್ನು ಕೆಲಸ ಮುಗಿಯಲಿ ಅಂತ ನಾಲ್ಕಕ್ಕೂ ಮಾಡಿಬಿಟ್ಟಿದ್ದರು.

ಮೂರನೆಯದರಲ್ಲಿ 5 ಸೆಕೆಂಡ್ ಹಾಗೇ ಬಿಡಿಸಿದೆ. ಉಳಿದ ಮೂರನ್ನು 2ಕ್ಕೆ ಇಳಿಸಲು ಹೇಳಿದೆ. ಅಡ್ಡ ಬಂದವರನ್ನು ಕಿರಣದಿಂದ ಗುರುತಿಸುವ ಬಾಗಿಲ ಅಂಚಿನ ಸೆನ್ಸರ್, ಅಂದರೆ ಲೈಟ್ ಕರ್ಟನ್, ಸರಿಯಾಗಿ ಕೆಲಸ ಮಾಡುತ್ತಿದ್ದರೆ ಇದರಿಂದ ಯಾರಿಗೂ ಅಪಾಯವಿಲ್ಲ. ಜನ ಇಳಿಯುತ್ತಿರುವಷ್ಟು ಹೊತ್ತು ಅದು ಬಾಗಿಲನ್ನು ಹಿಡಿದುಕೊಂಡಿರುತ್ತದೆ. ಸಮಯ ಉಳಿಸಲು ಸೆನ್ಸರ್ ಮುಟ್ಟಬೇಡಿ, ಮುಚ್ಚುವ ವೇಗವನ್ನೂ ಜಾಸ್ತಿ ಮಾಡಬೇಡಿ. ಕಂಟ್ರೋಲರ್‌ಗೆ ಮೆಕ್ಯಾನಿಕ್ ಮಾತ್ರ ಕೈ ಹಾಕಬೇಕು, ಕಟ್ಟಡದವರಲ್ಲ.

ನಾಲ್ಕನೇ ಲಿಫ್ಟ್‌ನ ಕಥೆ

ನಾಲ್ಕನೆಯದಕ್ಕೆ ಆ 3 ಸೆಕೆಂಡ್ ಸಾಕಾಗುತ್ತಿರಲಿಲ್ಲ. 212 ಬರಬೇಕಾದರೆ ಪ್ರತಿ ನಿಲುಗಡೆಗೆ 12 ಸೆಕೆಂಡ್ ಹೆಚ್ಚು ಹೋಗಬೇಕು. ಹುಡುಗನ ಕಾಗದದಲ್ಲಿ ಅದಕ್ಕೆ ಉತ್ತರ ಇತ್ತು: "ಬಾಗಿಲು ಅರ್ಧ ಮುಚ್ಚಿ ಮತ್ತೆ ತೆರೆಯಿತು." ಹೆಚ್ಚುಕಡಿಮೆ ಪ್ರತಿ ಸಾಲಿನಲ್ಲೂ ಅದೇ. ಅರ್ಧ ಮುಚ್ಚಲು ಒಂದೂವರೆ ಸೆಕೆಂಡ್, ತಿರುಗಿ ತೆರೆಯಲು ಇನ್ನೊಂದಿಷ್ಟು, ಮತ್ತೆ 5 ಸೆಕೆಂಡ್ ತೆರೆದು ನಿಲ್ಲುವುದು. ಒಂದು ಸಲ ಹೀಗಾದರೆ 8, 9 ಸೆಕೆಂಡ್ ಗೋವಿಂದ. ಮೊದಲಿನ ಮೂರು ಸೇರಿಸಿದರೆ 12.

ಮೆಕ್ಯಾನಿಕ್ "ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕಬೇಕು" ಅಂದ. ಬೆಲೆಯನ್ನೂ ಹೇಳಿದ. ನಾನು ಕಾರಿನೊಳಗೆ ಹೋಗಿ ಬಾಗಿಲ ಮೇಲ್ಗಡೆ ನೋಡಿದೆ. ಆಯುಧ ಪೂಜೆಯ ದಿನ ಕಟ್ಟಿದ ಸೇವಂತಿಗೆ ಹಾರ ಹಾಗೇ ಇತ್ತು. ಟೇಪು ಒಂದು ಕಡೆ ಬಿಟ್ಟುಕೊಂಡು ಹಾರದ ತುದಿ ಜೋತುಬಿದ್ದಿತ್ತು. ಒಣಗಿದ ಎರಡು ಮೂರು ಹೂವು ಸರಿಯಾಗಿ ಲೈಟ್ ಕರ್ಟನ್ನಿನ ಸಾಲಿಗೆ ಬರುತ್ತಿದ್ದವು. ಕಾರು ನಿಂತ ಕುಲುಕಿಗೂ ಮೇಲಿನ ಫ್ಯಾನಿನ ಗಾಳಿಗೂ ಅದು ತೂಗಾಡುತ್ತಿತ್ತು. ಬಾಗಿಲು ಮುಚ್ಚಲು ಹೊರಟಾಗ ಹೂವು ಕಿರಣಕ್ಕೆ ಅಡ್ಡ ಬರುತ್ತಿತ್ತು, ಬಾಗಿಲು ಹೆದರಿ ತೆರೆದುಕೊಳ್ಳುತ್ತಿತ್ತು. ಐದು ಸೆಕೆಂಡಿನಲ್ಲಿ ಹಾರ ಸ್ಥಿರವಾದರೆ ಎರಡನೇ ಸಲ ಮುಚ್ಚುತ್ತಿತ್ತು.

ಉಳಿದ ಮೂರರಿಂದ ಹಾರ ಎಂದೋ ಬಿದ್ದುಹೋಗಿತ್ತು. ಹೌಸ್‌ಕೀಪಿಂಗ್ ಅಮ್ಮನನ್ನು ಕೇಳಿದ್ದಕ್ಕೆ, "ಪೂಜೆ ಮಾಡಿದ ಹಾರ, ನಾನ್ಯಾಕೆ ಕೀಳಲಿ ಸಾರ್, ತಾನಾಗೇ ಬೀಳಲಿ ಅಂತ ಬಿಟ್ಟೆ" ಅಂದರು. ಅವರೇ ಕೈಮುಗಿದು ತೆಗೆದು ಗಿಡದ ಬುಡಕ್ಕೆ ಹಾಕಿದರು. ಬಾಗಿಲು ಮೊದಲ ಸಲಕ್ಕೇ ಮುಚ್ಚಿತು. ಸೆನ್ಸರ್‌ಗೆ ಏನೂ ಆಗಿರಲಿಲ್ಲ.

ನಮ್ಮ ಕಡೆ ಅಕ್ಟೋಬರ್ ಕೊನೆಯಲ್ಲಿ ಬಾಗಿಲು ತೆರೆದು ಮುಚ್ಚುವ ದೂರು ಬಂದರೆ ನಾನು ಮೊದಲು ಹಾರ, ಬಾಳೆಕಂದು, ಹೊಸ್ತಿಲ ಪಟ್ಟಿಯಲ್ಲಿ ಸಿಕ್ಕಿಕೊಂಡ ಹೂವಿನ ಎಸಳು ನೋಡುತ್ತೇನೆ. ಪಟ್ಟಿಯ ಸಂದಿಯಲ್ಲಿ ಕಸ ಕೂತರೆ ಬಾಗಿಲು ಕೊನೆಯ ಒಂದು ಇಂಚು ಮುಚ್ಚಲಾರದೆ ತಿರುಗುತ್ತದೆ. ಅಲ್ಲಿ ಅರ್ಧಕ್ಕೆ ತಿರುಗಿದರೆ ಕಿರಣದ ತೊಂದರೆ, ಕೊನೆಗೆ ಹೋಗಿ ತಿರುಗಿದರೆ ಪಟ್ಟಿಯ ತೊಂದರೆ. ಹೀಗೆ ಹೇಳಿದರೆ ಹತ್ತಕ್ಕೆ ಎಂಟು ಸಲ ಸರಿಹೋಗುತ್ತದೆ ಅಂತ ನನ್ನ ಅನುಭವ.

ಐದನೇ ಲಿಫ್ಟ್ ಹಾಕಿದ್ದರೆ?

ಓನರ್ ಕೇಳಿದ ಪ್ರಶ್ನೆಗೂ ಲೆಕ್ಕ ಮಾಡಿಯೇ ಉತ್ತರ ಕೊಟ್ಟೆ. ರೋಗ ಹಾಗೇ ಇಟ್ಟು ಐದನೇ ಲಿಫ್ಟ್ ಹಾಕಿದರೆ, ಅದಕ್ಕೂ ಇದೇ 5 ಸೆಕೆಂಡ್ ಸೆಟ್ಟಿಂಗ್ ಬಂದೇ ಬರುತ್ತದೆ. 147 ಸೆಕೆಂಡಿಗೆ 9 ಜನ ಅಂದರೆ ಐದು ನಿಮಿಷಕ್ಕೆ 18 ಜನ. 68ಕ್ಕೆ 18 ಸೇರಿಸಿದರೆ 86. ಹಾರ ತೆಗೆದು ಮೂರು ಲಿಫ್ಟ್‌ನಲ್ಲಿ ಒಂದು ಸಂಖ್ಯೆ ಬದಲಾಯಿಸಿದರೆ ಬರುವುದು 83. ಮೂರು ಜನರ ವ್ಯತ್ಯಾಸಕ್ಕೆ ಹತ್ತು ಮಹಡಿ ಸ್ಲ್ಯಾಬ್ ಕೊರೆಯಬೇಕು, ಕೆಳಗೆ ಪಿಟ್ ತೋಡಬೇಕು, ವಿದ್ಯುತ್ ಪರಿವೀಕ್ಷಣಾ ಇಲಾಖೆಯಿಂದ ಒಪ್ಪಿಗೆ ತರಬೇಕು. ಪ್ರತಿ ಮಹಡಿಯ ಬಾಡಿಗೆ ಜಾಗವೂ ಹೋಗುತ್ತದೆ.

ಇನ್ನೊಬ್ಬರು ಲಿಫ್ಟ್ ವೇಗ ಜಾಸ್ತಿ ಮಾಡಿ ಅಂದಿದ್ದರು. 1.5ರಿಂದ 1.75ಕ್ಕೆ ಏರಿಸಿದರೆ ಒಂದು ಮಹಡಿಗೆ ಮೂರನೇ ಒಂದು ಸೆಕೆಂಡ್ ಉಳಿಯುತ್ತದೆ, ಸುತ್ತಿಗೆ ಆರು ಸೆಕೆಂಡ್ ಅನ್ನಿ. ಆದರೆ ಪಕ್ಕದ ಮಹಡಿಗೆ ಹೋಗುವಾಗ ಲಿಫ್ಟ್ ಪೂರ್ತಿ ವೇಗ ಮುಟ್ಟುವುದೇ ಇಲ್ಲ. 3.6 ಮೀಟರ್ ಒಳಗೆ ವೇಗ ಹಿಡಿಯುವಷ್ಟರಲ್ಲೇ ಬ್ರೇಕ್ ಹಾಕುವ ಹೊತ್ತು ಬರುತ್ತದೆ. ಆ ಲಾಭ ಅಲ್ಲಲ್ಲಿ ಕರಗಿ ಕೊನೆಗೆ ಉಳಿಯುವುದು ನಾಲ್ಕು ಸೆಕೆಂಡ್. ಇಷ್ಟು ಎತ್ತರದ ಕಟ್ಟಡದಲ್ಲಿ ಸಮಯ ತಿನ್ನುವುದು ಬಾಗಿಲೇ, ಓಟ ಅಲ್ಲ. 126 ಸೆಕೆಂಡಿನ ಸುತ್ತಿನಲ್ಲಿ ಓಟಕ್ಕೆ 45, ನಿಲುಗಡೆಗೆ 59, ಹತ್ತಿ ಇಳಿಯಲು 22.

ಬೇರೆ ಕಟ್ಟಡದಲ್ಲಿ ಬೇರೆ ಕಾರಣ ಇರಬಹುದು

ಸುತ್ತಿನ ಸಮಯ ಲೆಕ್ಕಕ್ಕೆ ಸರಿಯಾಗಿದ್ದೂ ಕ್ಯೂ ಇದ್ದರೆ, ಹೊರಡುವ ಹೊತ್ತನ್ನು ಒಂದೊಂದಾಗಿ ಬರೆದು ನೋಡಿ. ಸರಾಸರಿ 32 ಸೆಕೆಂಡ್ ಇದ್ದು, ಒಳಗೆ 5, 8, 6, 110 ಅಂತ ಬಂದರೆ ಲಿಫ್ಟ್‌ಗಳು ಒಂದರ ಹಿಂದೆ ಒಂದು ಗುಂಪಾಗಿ ಬರುತ್ತಿವೆ. ಯಾವುದೋ ಒಂದು ಲಿಫ್ಟ್ ಗುಂಪಿನ ಕಂಟ್ರೋಲ್‌ನಿಂದ ಹೊರಗಿದೆಯೇ, ಅದಕ್ಕೇ ಬೇರೆ ಬಟನ್ ಇದೆಯೇ ನೋಡಿ. ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಬೆಳಿಗ್ಗೆ ಲಿಫ್ಟ್ ಇಳಿಯುತ್ತಿದ್ದರೆ ಒಂದು ನಿಲುಗಡೆ ಮತ್ತು ಎರಡು ಓಟ ಸೇರಿ ಸುತ್ತಿಗೆ ಸುಮಾರು ಹದಿಮೂರು ಸೆಕೆಂಡ್ ಹೋಗುತ್ತದೆ. ಈ ಕಟ್ಟಡದಲ್ಲಿ ಸ್ಕೂಟರ್ ಬಿಟ್ಟವರು ಮೆಟ್ಟಿಲು ಹತ್ತಿ ಬರುತ್ತಿದ್ದರು, ಹಾಗಾಗಿ ಆ ತೊಂದರೆ ಇರಲಿಲ್ಲ.

ಇನ್ನೊಂದು. ಈ ಸೂತ್ರ ಬೆಳಗಿನ ಮೇಲ್ಮುಖ ದಟ್ಟಣೆಗೆ ಮಾತ್ರ. ಮಧ್ಯಾಹ್ನ ಊಟದ ಹೊತ್ತಿಗೆ ಜನ ಮೇಲೂ ಕೆಳಗೂ ಮಧ್ಯದಲ್ಲೂ ಓಡಾಡುತ್ತಾರೆ. ಆಗಿನ ದೂರನ್ನು ಇದರಿಂದ ಅಳೆಯಲು ಹೋಗಬೇಡಿ, ಅದಕ್ಕೆ ಸಿಮ್ಯುಲೇಶನ್ ಬೇಕು.

ಸರಿಪಡಿಸಿದ ಮೇಲೆ

83 ಆದರೂ 104ಕ್ಕೆ ಅದು ಸಾಲದು ಅಂತ ನಿಮಗೂ ಹೊಳೆದಿರಬೇಕು. ಶೇ. 11.5 ಅಂದರೆ ಸಂಹಿತೆಯ ಮಿತಿಯೊಳಗೆ ಬಂತು, ಆದರೆ 9:10ಕ್ಕೆ ಲಾಬಿಯಲ್ಲಿ 35 ಜನ ಉಳಿಯುತ್ತಾರೆ. ಕೊನೆಯವನಿಗೆ ಎರಡು ನಿಮಿಷ. ಮೊದಲಿನ ಐದಕ್ಕಿಂತ ವಾಸಿ, ಅಷ್ಟೆ.

ಆ 104 ಎಲ್ಲಿಂದ ಬಂತು ಅಂತ ಗೇಟಿನ ಸೆಕ್ಯುರಿಟಿಯವರಿಗೆ ಗೊತ್ತಿತ್ತು. ಮಂಡ್ಯ, ಶ್ರೀರಂಗಪಟ್ಟಣದ ಕಡೆಯಿಂದ ಬರುವ ಕಂಪನಿ ಮಿನಿಬಸ್ಸು 9:05ಕ್ಕೆ ಬಂದು 20 ಜನರನ್ನು ಇಳಿಸುತ್ತಿತ್ತು. ಅದೇ ಹೊತ್ತಿಗೆ ಊರೊಳಗಿನ ಎರಡು ಬಸ್ಸೂ ಬರುತ್ತಿದ್ದವು. "ಅದು ಕಾಲು ಗಂಟೆ ಮುಂಚೆ ಬರಬಹುದಲ್ವಾ?" ಅಂತ ಕೇಳಿದೆ. ಡ್ರೈವರ್ ನಕ್ಕರು. "ಬರಬಹುದು ಸಾರ್, ದಾರೀಲಿ ಎಲ್ಲರೂ ತಿಂಡಿಗೆ ನಿಲ್ಲಿಸು ಅಂತಾರೆ, ಅದಕ್ಕೇ ಲೇಟು."

ತಿಂಡಿಯನ್ನು ಆಫೀಸ್ ಕ್ಯಾಂಟೀನಿಗೆ ತಂದರು. ಬಸ್ಸು 8:50ಕ್ಕೆ ಬರತೊಡಗಿತು. ಮುಂದಿನ ವಾರ ಮತ್ತೆ ಎಣಿಸಿದಾಗ ಗೇಟಿನ ಸಾಲು 61, 68, 97, 84, 72, 38ರ ಆಸುಪಾಸಿನಲ್ಲಿತ್ತು. 9:10ಕ್ಕೆ ಲಾಬಿಯಲ್ಲಿ ನಿಂತಿದ್ದವರನ್ನು ನಾನೇ ಎಣಿಸಿದೆ, 16 ಜನ. ಲೆಕ್ಕ 15 ಹೇಳಿತ್ತು. ಹದಿನಾರನೆಯವರು ಮ್ಯಾನೇಜರ್, ಕ್ಯೂ ಎಲ್ಲಿ ಹೋಯಿತು ಅಂತ ನೋಡಲು ಬಂದು ನಿಂತಿದ್ದರು.